ಒಂದೇ ಸೇವೆಯಲ್ಲಿ ಎರಡು ಖಾತೆ: ಪುಸ್ತಕ, ಪಾಯಿಂಟ್ಸ್, ಟಿಪ್ಪಣಿ ಕಳೆಯದೆ ಒಂದು ಮಾಡಿದ ಪ್ರಕರಣ

ಇದು ಇ-ಪುಸ್ತಕ ಮತ್ತು ಆಡಿಯೋ ಪುಸ್ತಕ ಮಾರುವ ಒಂದು ಆನ್‌ಲೈನ್ ಸೇವೆಯಲ್ಲಿ ನಡೆದ ಪ್ರಕರಣ. ಸೇವೆಯ ಹೆಸರು ಇಲ್ಲಿ ಬರುವುದಿಲ್ಲ. ಖಾತೆ ಯಾರದೋ ಅವರು ನನ್ನ ಪರಿಚಿತರು. ಅವರನ್ನು ಬರೀ ‘ಮೇಡಂ’ ಎನ್ನುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೆಲಸ ನಡೆದ ಕ್ರಮ ಮಾತ್ರ ಇದ್ದ ಹಾಗೇ ಇದೆ, ಏಕೆಂದರೆ ಈ ಪ್ರಕರಣದಲ್ಲಿ ಕಲಿಯಬೇಕಾದ್ದು ಆ ಕ್ರಮವನ್ನೇ.

ಹಿನ್ನೆಲೆ

ಮೇಡಂ ಆರು ವರ್ಷಗಳಿಂದ ಆ ಸೇವೆಯಲ್ಲಿ ಪುಸ್ತಕ ಕೊಳ್ಳುತ್ತಿದ್ದರು. ಮೊದಲ ಖಾತೆಯನ್ನು ಆಗಿನ ಆಫೀಸಿನ ಇಮೇಲ್ ಕೊಟ್ಟು ತೆರೆದಿದ್ದರು. ಅದರಲ್ಲಿ 140 ಪುಸ್ತಕಗಳಿದ್ದವು. ಎಷ್ಟೋ ಪುಸ್ತಕಗಳಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದರು.

ಹೊಸ ಫೋನ್ ಬಂದ ಮೇಲೆ ಆ ಸೇವೆಯ ಆ್ಯಪ್ ಹಾಕಿಕೊಂಡರು. ಪಾಸ್‌ವರ್ಡ್ ನೆನಪಿರಲಿಲ್ಲ. ಎದುರಿಗೆ "Sign in with Apple" ಎಂಬ ಬಟನ್ ಇತ್ತು, ಒತ್ತಿದರು. "Hide My Email" ಎಂಬ ಆಯ್ಕೆಯನ್ನೂ ಒಪ್ಪಿದರು. ಲಾಗಿನ್ ಆಯಿತು. ಆದರೆ ಪುಸ್ತಕದ ಕಪಾಟು ಖಾಲಿ. ಹೊಸ ಫೋನ್ ಅಲ್ವಾ, ನಿಧಾನಕ್ಕೆ ಬರಬಹುದು ಅಂದುಕೊಂಡು ಓದಲು ಶುರು ಮಾಡಿದರು.

ಆ ಬಟನ್ ಹಳೆ ಖಾತೆಯ ಬಾಗಿಲನ್ನು ತೆರೆದಿರಲಿಲ್ಲ, ಹೊಸ ಖಾತೆಯನ್ನೇ ಹುಟ್ಟಿಸಿತ್ತು. "Hide My Email" ಆರಿಸಿದಾಗ ಆಪಲ್ ನಮ್ಮ ನಿಜವಾದ ವಿಳಾಸದ ಬದಲು `@privaterelay.appleid.com` ಎಂದು ಮುಗಿಯುವ ಒಂದು ವಿಳಾಸವನ್ನು ಸೇವೆಗೆ ಕೊಡುತ್ತದೆ. ಅಲ್ಲಿಗೆ ಬಂದ ಮೇಲ್ ನಮ್ಮ ಮಾಮೂಲಿ ಇನ್‌ಬಾಕ್ಸ್‌ಗೆ ತಲುಪುತ್ತದೆ. ಸೇವೆಯ ಕಂಪ್ಯೂಟರ್‌ಗೆ ಮಾತ್ರ ಇದು ಹಿಂದೆಂದೂ ಕಾಣದ ವಿಳಾಸ. ಅಂದರೆ ಹೊಸ ಗ್ರಾಹಕ.

ಎರಡನೇ ಖಾತೆ ಹುಟ್ಟಲು ಬೇರೆ ದಾರಿಗಳೂ ಇವೆ. ಜಿಮೇಲ್ ವಿಳಾಸದಲ್ಲಿ ಚುಕ್ಕಿ ಇದ್ದರೂ ಇಲ್ಲದಿದ್ದರೂ ಮೇಲ್ ಒಂದೇ ಇನ್‌ಬಾಕ್ಸ್‌ಗೆ ಬರುತ್ತದೆ. ಬೇರೆ ಸೇವೆಗಳು ಆ ಚುಕ್ಕಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅವಕ್ಕೆ ಅವು ಎರಡು ವಿಳಾಸ. ಎಲ್ಲ ರಸೀದಿಗಳೂ ಒಂದೇ ಕಡೆ ಬರುವುದರಿಂದ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ತೊಂದರೆ ಕಂಡದ್ದು

ಹೊಸ ಖಾತೆಯಲ್ಲಿ ಮೇಡಂ 23 ಪುಸ್ತಕ ಕೊಂಡರು. ತಿಂಗಳ ಚಂದಾ ಕೂಡ ಅಲ್ಲೇ ಶುರುವಾಯಿತು. ಪಾಯಿಂಟ್ಸ್ ಸೇರುತ್ತಾ ಹೋಯಿತು. ಕೊನೆಗೊಂದು ದಿನ ತಾವು ಗೆರೆ ಎಳೆದಿದ್ದ ಒಂದು ಪುಸ್ತಕವನ್ನು ಹುಡುಕಿದರು. ಆ್ಯಪ್ ಅದಕ್ಕೆ ಬೆಲೆ ತೋರಿಸಿತು. ಕೊಂಡ ಪುಸ್ತಕವನ್ನೇ ಮತ್ತೆ ಕೊಳ್ಳಿ ಎನ್ನುತ್ತಿದೆಯಲ್ಲ ಎಂದು ನನಗೆ ಫೋನ್ ಮಾಡಿದರು. ಅಷ್ಟರಲ್ಲಿ ಹಳೆ ಖಾತೆಯಲ್ಲಿದ್ದ ಎರಡು ಪುಸ್ತಕಗಳನ್ನು ಗೊತ್ತಿಲ್ಲದೆ ಎರಡನೇ ಸಲ ಕೊಂಡೂ ಆಗಿತ್ತು.

"ಹಳೇದನ್ನ ಡಿಲೀಟ್ ಮಾಡ್ಬಿಡ್ಲಾ? ಆಗ ಎಲ್ಲಾ ಹೊಸದಕ್ಕೆ ಬರುತ್ತೆ ಅಲ್ವಾ?" ಇದು ಅವರ ಮೊದಲ ಪ್ರಶ್ನೆ. ತುಂಬ ಜನ ಹೀಗೇ ಯೋಚಿಸುತ್ತಾರೆ, ಮತ್ತು ನಷ್ಟ ಆಗುವುದು ಇಲ್ಲೇ. ಖಾತೆ ಅಳಿಸಿದರೆ ಅದರಲ್ಲಿದ್ದ ಪುಸ್ತಕಗಳ ಹಕ್ಕು ಕೂಡ ಅಳಿಯುತ್ತದೆ. ಅದು ಎಲ್ಲಿಗೂ ಹೋಗಿ ಸೇರುವುದಿಲ್ಲ. ಆ್ಯಪ್‌ನಲ್ಲಿ ಖಾತೆ ತೆರೆಯುವ ಅವಕಾಶ ಇದ್ದರೆ ಅಳಿಸುವ ಅವಕಾಶವೂ ಆ್ಯಪ್‌ನೊಳಗೇ ಇರಬೇಕು ಎಂದು ಆಪಲ್ 2022ರ ಜೂನ್ 30ರಿಂದ ಕಡ್ಡಾಯ ಮಾಡಿದೆ. ಒಳ್ಳೆಯ ನಿಯಮವೇ. ಆದರೆ ಅದರಿಂದ ಅಳಿಸುವ ಬಟನ್ ಕೈಗೆ ಸುಲಭವಾಗಿ ಸಿಗುತ್ತದೆ, ಸೇರಿಸುವ ಬಟನ್ ಮಾತ್ರ ಎಲ್ಲೂ ಕಾಣುವುದಿಲ್ಲ.

ಹಾಗಾಗಿ ಮೊದಲ ತೀರ್ಮಾನ: ಎಲ್ಲ ಮುಗಿಯುವವರೆಗೆ ಎರಡೂ ಖಾತೆ ಜೀವಂತ ಇರಬೇಕು.

ಮೊದಲು ಪಟ್ಟಿ

ಖಾತೆ ಅಂದರೆ ಒಂದೇ ವಸ್ತು ಎಂದು ನಮಗೆ ಅನ್ನಿಸುತ್ತದೆ. ಒಳಗೆ ಹಾಗಿಲ್ಲ. ಇಮೇಲ್ ಬರೀ ಬಾಗಿಲು. ಮನೆ ಅಂದರೆ ಸೇವೆ ಒಳಗೊಳಗೇ ಕೊಟ್ಟಿರುವ ಗ್ರಾಹಕ ಸಂಖ್ಯೆ. ಬಾಗಿಲು ಬದಲಿಸಬಹುದು, ಆ ಸಂಖ್ಯೆ ಬದಲಾಗುವುದಿಲ್ಲ. ಪುಸ್ತಕದ ಹಕ್ಕು, ಪಾಯಿಂಟ್ಸ್, ಓದಿದ ಜಾಗ, ಟಿಪ್ಪಣಿ ಎಲ್ಲವೂ ಆ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ಪ್ರತಿಯೊಂದೂ ಬೇರೆ ಬೇರೆ ಕಡೆ ಉಳಿದಿರುತ್ತದೆ, ಸಾಗಿಸುವ ದಾರಿಯೂ ಬೇರೆ ಬೇರೆ.

ಆದ್ದರಿಂದ ಎರಡೂ ಖಾತೆಗಳಿಂದ ಆರ್ಡರ್ ಪಟ್ಟಿಯನ್ನು ತೆಗೆದು ಒಂದು ಶೀಟಿನಲ್ಲಿ ಹಾಕಿದೆವು. ಪುಸ್ತಕದ ಹೆಸರು, ಆರ್ಡರ್ ನಂಬರ್, ಕೊಂಡ ದಿನ, ಹೇಗೆ ಬಂತು ಎಂಬ ನಾಲ್ಕೇ ಕಾಲಂ. ಕೊನೆಯ ಕಾಲಂ ಆಮೇಲೆ ತುಂಬ ಕೆಲಸಕ್ಕೆ ಬಂತು. ದುಡ್ಡು ಕೊಟ್ಟು ಕೊಂಡದ್ದು, ಪಾಯಿಂಟ್ಸ್‌ನಿಂದ ತೆಗೆದುಕೊಂಡದ್ದು, ಗಿಫ್ಟ್ ಕೋಡ್ ಹಾಕಿ ಪಡೆದದ್ದು, ಚಂದಾದ ಜೊತೆಗೆ ಬಂದದ್ದು ಎಂದು ಬೇರೆ ಬೇರೆ ಬರೆದೆವು. ಚಂದಾದ ಜೊತೆ ಬಂದ ಪುಸ್ತಕ ಕಪಾಟಿನಲ್ಲಿ ಕಂಡರೂ ಅದು ನಮ್ಮದಲ್ಲ. ಚಂದಾ ನಿಂತರೆ ಅದೂ ಹೋಗುತ್ತದೆ. ಅಂಥವನ್ನು ಪಟ್ಟಿಯಿಂದ ತೆಗೆದ ಮೇಲೆ ಉಳಿದದ್ದೇ ಆ 23.

ಪಾಯಿಂಟ್ಸ್ ಪುಟದಲ್ಲೂ ಒಂದು ವಿಷಯ ಕಂಡಿತು. ಮೇಲೆ ದೊಡ್ಡದಾಗಿ ತೋರಿಸುವ ಸಂಖ್ಯೆ ಈಗ ಖರ್ಚು ಮಾಡಬಹುದಾದ ಪಾಯಿಂಟ್ಸ್ ಮಾತ್ರ. ಕೆಳಗಿನ ವಿವರದಲ್ಲಿ ‘ಬಾಕಿ’ ಎಂದು ಇನ್ನೊಂದು ಸಾಲಿತ್ತು. ಹೊಸದಾಗಿ ಕೊಂಡ ಪುಸ್ತಕಗಳನ್ನು ವಾಪಸ್ ಮಾಡುವ ಅವಧಿ ಮುಗಿದ ಮೇಲಷ್ಟೇ ಆ ಪಾಯಿಂಟ್ಸ್ ಕೈಗೆ ಸಿಗುತ್ತವೆ. ಖಾತೆ ಸೇರಿಸುವಾಗ ಬಾಕಿ ಸಾಲನ್ನು ಯಾರೂ ನೋಡದಿದ್ದರೆ ಅದು ಮುಚ್ಚುವ ಖಾತೆಯ ಜೊತೆಗೇ ಹೋಗಿಬಿಡುತ್ತದೆ.

ಯಾವುದನ್ನು ಉಳಿಸುವುದು?

ಮೇಡಂಗೆ ಹೊಸ ಖಾತೆಯೇ ಇಷ್ಟ. ಒಂದೇ ಬಟನ್‌ನಲ್ಲಿ ತೆರೆಯುತ್ತದೆ, ಪಾಸ್‌ವರ್ಡ್ ನೆನಪಿಡಬೇಕಿಲ್ಲ, ಚಂದಾ ಅಲ್ಲಿದೆ, ಪಾಯಿಂಟ್ಸೂ ಜಾಸ್ತಿ ಅಲ್ಲೇ. ಹಳೆಯದರಲ್ಲಿ ಬೇಡವಾದ ಇಮೇಲ್ ಬೇರೆ.

ನಾನು ಬೇರೆ ಕಡೆಯಿಂದ ನೋಡಿದೆ. ಯಾವ ಖಾತೆ ಚೆನ್ನಾಗಿದೆ ಎಂದು ಕೇಳಬಾರದು. ಯಾವುದರಲ್ಲಿ ಇರುವುದನ್ನು ಸಾಗಿಸಲು ಆಗುವುದೇ ಇಲ್ಲ ಎಂದು ಕೇಳಬೇಕು. ಅದು ಎಲ್ಲಿದೆಯೋ ಆ ಖಾತೆ ಉಳಿಯಬೇಕು. ಇದನ್ನು ಊಹಿಸಿ ಹೇಳುವಂತಿಲ್ಲ, ಸೇವೆಯವರನ್ನೇ ಕೇಳಬೇಕು.

ಮೇಡಂ ಮೊದಲು ಚಾಟ್‌ನಲ್ಲಿ ಕೇಳಿದ್ದರು. ಆ ಕಡೆಯವರು "ಒಂದು ಖಾತೆ ಮುಚ್ಚುತ್ತೇವೆ, ಖರೀದಿಗಳು ಇನ್ನೊಂದರಲ್ಲಿ ಕಾಣಿಸುತ್ತವೆ, ಒಪ್ಪಿಗೆಯೇ?" ಎಂದಿದ್ದರು. ಮೇಡಂ ಹೂಂ ಅನ್ನುವುದರಲ್ಲಿದ್ದರು. ಇಡೀ ಪ್ರಕರಣದಲ್ಲಿ ತೀರಾ ಅಪಾಯದ ಗಳಿಗೆ ಇದೇ ಎಂದು ನನ್ನ ಅಭಿಪ್ರಾಯ. ಆ ಉತ್ತರದಲ್ಲಿ ಖರೀದಿ ಇತ್ತು. ಟಿಪ್ಪಣಿ ಇರಲಿಲ್ಲ, ಪಾಯಿಂಟ್ಸ್ ಇರಲಿಲ್ಲ, ಯಾವ ಖಾತೆ ಮುಚ್ಚುತ್ತಾರೆ ಎಂಬುದೂ ಇರಲಿಲ್ಲ. ಚಾಟ್ ನಿಲ್ಲಿಸಿ ಮೇಲ್‌ನಲ್ಲಿ ಹೀಗೆ ಬರೆದೆವು:

"ನನ್ನ ಹೆಸರಿನಲ್ಲಿ ಎರಡು ಖಾತೆಗಳಿವೆ. ಎರಡರ ಗ್ರಾಹಕ ಸಂಖ್ಯೆ ಮತ್ತು ಒಂದೊಂದು ಆರ್ಡರ್ ನಂಬರ್ ಕೆಳಗಿದೆ. ನಾನು ಲಿಖಿತವಾಗಿ ಒಪ್ಪುವವರೆಗೆ ಯಾವುದನ್ನೂ ಮುಚ್ಚಬೇಡಿ. ಒಂದರಿಂದ ಇನ್ನೊಂದಕ್ಕೆ ಯಾವುದನ್ನು ಸಾಗಿಸಬಹುದು, ಯಾವುದನ್ನು ಆಗುವುದಿಲ್ಲ ಎಂದು ತಿಳಿಸಿ: ಕೊಂಡ ಪುಸ್ತಕಗಳು, ಗಿಫ್ಟ್ ಕೋಡ್‌ನಿಂದ ಬಂದವು, ಪಾಯಿಂಟ್ಸ್ ಮತ್ತು ಬಾಕಿ ಪಾಯಿಂಟ್ಸ್, ಟಿಪ್ಪಣಿ ಮತ್ತು ಓದಿದ ಜಾಗ, ಚಂದಾ."

ಎರಡೂ ಖಾತೆ ಒಬ್ಬರದೇ ಎಂದು ತೋರಿಸಲು ಸೇವೆಯವರು ಎರಡೂ ನೋಂದಾಯಿತ ವಿಳಾಸಗಳಿಂದ ಮೇಲ್ ಕೇಳಿದರು. ಹೊಸ ಖಾತೆಯ ವಿಳಾಸ ಆಪಲ್ ಮಾಡಿಕೊಟ್ಟದ್ದು. ಅದರ ಹೆಸರಿನಲ್ಲಿ ಯಾವ ಇನ್‌ಬಾಕ್ಸೂ ಇಲ್ಲ, ಅಲ್ಲಿಂದ ಬರೆಯುವುದು ಹೇಗೆ? ಆ ವಿಳಾಸಕ್ಕೆ ಸೇವೆ ಕಳಿಸಿದ ಮೇಲ್‌ಗೇ ಉತ್ತರ ಬರೆದರೆ, ಉತ್ತರವೂ ಆ ವಿಳಾಸದಿಂದಲೇ ಹೋಗುತ್ತದೆ. ಹಾಗಾಗಿ ಅವರಿಂದಲೇ ಮೊದಲು ಒಂದು ಮೇಲ್ ತರಿಸಿಕೊಂಡು ಅದಕ್ಕೆ ಉತ್ತರಿಸಿದೆವು.

ಬಂದ ಉತ್ತರ ಸ್ಪಷ್ಟವಾಗಿತ್ತು. ಪುಸ್ತಕದ ಹಕ್ಕುಗಳನ್ನು ಅವರ ಕಡೆಯಿಂದ ಸಾಗಿಸಬಹುದು. ಪಾಯಿಂಟ್ಸ್ ಅನ್ನು ಒಂದು ಕಡೆ ಕಳೆದು ಇನ್ನೊಂದು ಕಡೆ ಕೈಯಾರೆ ಸೇರಿಸಬಹುದು, ಬಾಕಿ ಇರುವುದನ್ನು ಆಗುವುದಿಲ್ಲ. ಟಿಪ್ಪಣಿ, ಗೆರೆ, ಓದಿದ ಜಾಗ ಸಾಗಿಸಲು ಆಗುವುದಿಲ್ಲ. ಚಂದಾ ಆಪ್ ಸ್ಟೋರ್ ಮೂಲಕ ತೆಗೆದುಕೊಂಡದ್ದು, ಅದನ್ನು ಅವರು ಮುಟ್ಟಲು ಆಗುವುದಿಲ್ಲ.

ಮೇಡಂ ಟಿಪ್ಪಣಿಗಳೆಲ್ಲ ಹಳೆ ಖಾತೆಯಲ್ಲಿದ್ದವು. ಅಲ್ಲಿಗೆ ವಾದ ಮುಗಿಯಿತು. ಹಳೆಯದು ಉಳಿಯಬೇಕು, ಹೊಸದು ಅದಕ್ಕೆ ಬಂದು ಸೇರಬೇಕು.

ಯಾವುದರ ನಂತರ ಯಾವುದು

ಉಳಿಯುವ ಖಾತೆಯ ಇಮೇಲ್ ಆಫೀಸಿನದು. ಮೇಡಂ ಆ ಕೆಲಸ ಬಿಡುವುದರಲ್ಲಿದ್ದರು, ಸ್ವಲ್ಪ ದಿನದಲ್ಲಿ ಆ ಇನ್‌ಬಾಕ್ಸ್ ಬಂದ್ ಆಗಲಿತ್ತು. ಇಮೇಲ್ ಬದಲಿಸುವಾಗ ಈ ಸೇವೆ ಹಳೆ ವಿಳಾಸಕ್ಕೂ ಹೊಸ ವಿಳಾಸಕ್ಕೂ ಒಂದೊಂದು ಲಿಂಕ್ ಕಳಿಸುತ್ತಿತ್ತು, ಎರಡನ್ನೂ ಒತ್ತಬೇಕು. ಇನ್‌ಬಾಕ್ಸ್ ಹೋದ ಮೇಲೆ ಇದು ತುಂಬ ಕಷ್ಟ. ಆದ್ದರಿಂದ ಸೇವೆಯವರ ಉತ್ತರ ಕೈಸೇರಿದ ಕೂಡಲೇ ಮಾಡಿದ ಮೊದಲ ಕೆಲಸ ಇದೇ: ಹಳೆ ಖಾತೆಗೆ ಸ್ವಂತ ಇಮೇಲ್ ಕೊಟ್ಟು, ಹೊಸ ಪಾಸ್‌ವರ್ಡ್ ಹಾಕಿ, ಎರಡನೇ ಹಂತದ ಲಾಗಿನ್ ಕೋಡ್ ಕೂಡ ಹೊಸ ಫೋನ್‌ಗೆ ಬರುವ ಹಾಗೆ ಮಾಡಿದೆವು.

ಮೇಡಂ ಅದೃಷ್ಟಕ್ಕೆ ಅವರ ಸ್ವಂತ ಇಮೇಲ್ ಬೇರೆ ಖಾತೆಯಲ್ಲಿ ಇರಲಿಲ್ಲ. ಇದ್ದಿದ್ದರೆ "ಈ ಇಮೇಲ್ ಈಗಾಗಲೇ ಬಳಕೆಯಲ್ಲಿದೆ" ಎಂಬ ಸಂದೇಶ ಬರುತ್ತಿತ್ತು. ಅದನ್ನು ನೋಡಿ ಗಾಬರಿಯಾಗಿ ಆ ಖಾತೆಯನ್ನು ಅಳಿಸುವವರಿದ್ದಾರೆ. ಅಳಿಸುವುದು ಬೇಡ. ಆ ಖಾತೆಗೆ ಬೇರೆ ಯಾವುದಾದರೂ ವಿಳಾಸ ಕೊಟ್ಟರೆ ಬೇಕಾದ ವಿಳಾಸ ಬಿಡುಗಡೆಯಾಗುತ್ತದೆ.

ಎರಡನೆಯದು, ಹೊಸ ಖಾತೆಗೂ ಒಂದು ಪಾಸ್‌ವರ್ಡ್. ಅಲ್ಲಿಯವರೆಗೆ ಅದಕ್ಕಿದ್ದ ಒಂದೇ ಬಾಗಿಲು ಆಪಲ್ ಬಟನ್. ಲಾಗಿನ್ ಪುಟದಲ್ಲಿ "ಪಾಸ್‌ವರ್ಡ್ ಮರೆತಿದ್ದೀರಾ" ಒತ್ತಿ ಆ `@privaterelay.appleid.com` ವಿಳಾಸ ಕೊಟ್ಟೆವು. ವಿಳಾಸ ಪೂರ್ತಿ ಎಲ್ಲಿ ಸಿಗುತ್ತದೆ ಅಂದರೆ, ಐಫೋನ್ ಸೆಟ್ಟಿಂಗ್ಸ್‌ನಲ್ಲಿ ನಮ್ಮ ಹೆಸರು ಒತ್ತಿ "Sign in with Apple" ಪಟ್ಟಿಗೆ ಹೋದರೆ ಆ ಆ್ಯಪ್‌ನ ಹೆಸರಿನ ಕೆಳಗಿರುತ್ತದೆ. ಅದೇ ಪುಟದಲ್ಲಿ ಆ್ಯಪ್‌ಗೆ ಆಪಲ್ ಲಾಗಿನ್ ನಿಲ್ಲಿಸುವ ಬಟನ್ ಕೂಡ ಇದೆ. ಅದನ್ನು ಈ ಹಂತದಲ್ಲಿ ಮುಟ್ಟಲೇಬಾರದು. ಬೇರೆ ಬಾಗಿಲು ಇಲ್ಲದಿರುವಾಗ ಅದನ್ನು ಒತ್ತಿದರೆ ಖಾತೆಯ ಒಳಗೆ ಹೋಗುವ ದಾರಿಯೇ ಕಡಿದುಹೋಗಬಹುದು. ಪಾಸ್‌ವರ್ಡ್ ಬದಲಿಸುವ ಲಿಂಕ್ ಬಂತು, ಹಾಕಿದೆವು. ಎಲ್ಲ ಸೇವೆಗಳೂ ಇದಕ್ಕೆ ಅವಕಾಶ ಕೊಡುವುದಿಲ್ಲ, ಇದು ಕೊಟ್ಟಿತು.

ಮೂರನೆಯದು ಎರಡೆರಡು ಸಲ ಕೊಂಡ ಆ ಎರಡು ಪುಸ್ತಕ. ಖಾತೆ ಸೇರಿದ ಮೇಲೆ ಒಂದೇ ಪುಸ್ತಕದ ಎರಡು ಹಕ್ಕು ಒಂದಾಗಿಬಿಡುತ್ತದೆ. ಆಮೇಲೆ ವಾಪಸ್ ಕೊಡಲು ಎರಡನೆಯದು ಇರುವುದೇ ಇಲ್ಲ. ಆದ್ದರಿಂದ ಸೇರಿಸುವ ಮೊದಲೇ ಕೇಳಿದೆವು. ಒಂದಕ್ಕೆ ವಾಪಸ್ ಅವಧಿ ಉಳಿದಿತ್ತು, ದುಡ್ಡು ಬಂತು. ಇನ್ನೊಂದರ ಅವಧಿ ಮುಗಿದಿತ್ತು, ಏನೂ ಬರಲಿಲ್ಲ.

ನಾಲ್ಕನೆಯದು ಚಂದಾ. ಇಲ್ಲಿ ತುಂಬ ಜನ ಎಡವುತ್ತಾರೆ. ಆಪ್ ಸ್ಟೋರ್ ಮೂಲಕ ತೆಗೆದುಕೊಂಡ ಚಂದಾ ಆಪಲ್ ಖಾತೆಗೆ ಸೇರಿದ್ದು. ಆ್ಯಪ್ ತೆಗೆದುಹಾಕಿದರೂ, ಸೇವೆಯ ಖಾತೆ ಅಳಿಸಿದರೂ ಅದು ತನ್ನಷ್ಟಕ್ಕೆ ನಿಲ್ಲುವುದಿಲ್ಲ, ತಿಂಗಳು ತಿಂಗಳು ದುಡ್ಡು ಹೋಗುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನ "Subscriptions" ಪುಟದಲ್ಲೇ ರದ್ದು ಮಾಡಬೇಕು. ರದ್ದು ಮಾಡಿದೆವು. ದುಡ್ಡು ಕೊಟ್ಟ ಅವಧಿ ಮುಗಿಯುವವರೆಗೆ ಹೊಸ ಖಾತೆಯಲ್ಲೇ ಅದನ್ನು ಬಳಸಿದರು.

ಈ ಕಾಯುವಿಕೆಯಿಂದ ಇನ್ನೊಂದು ಅನುಕೂಲ ಆಯಿತು. ಅಷ್ಟರಲ್ಲಿ ಬಾಕಿ ಪಾಯಿಂಟ್ಸ್ ಎಲ್ಲ ಖರ್ಚು ಮಾಡಬಹುದಾದ ಸಾಲಿಗೆ ಬಂದವು. ಬಾಕಿ ಸೊನ್ನೆ ಆದ ದಿನ ಸೇವೆಯವರಿಗೆ ಒಪ್ಪಿಗೆ ಬರೆದೆವು. ಅದರಲ್ಲಿ ಒಂದು ಸಾಲು ಒತ್ತಿ ಹೇಳಿದ್ದೆವು: ಸಾಗಿಸಿ, ಆದರೆ ನಾವು ನೋಡಿ ಹೇಳುವವರೆಗೆ ಹೊಸ ಖಾತೆ ಮುಚ್ಚಬೇಡಿ.

ಆದದ್ದು

ಕೆಲಸ ಮುಗಿಯಿತು ಎಂದು ಮೇಲ್ ಬಂತು. ಹಳೆ ಖಾತೆಯಲ್ಲಿ ಈಗ 160 ಪುಸ್ತಕ.

ಲೆಕ್ಕ ಹಾಕಿದೆವು. ಹೊಸ ಖಾತೆಯ 23ರಲ್ಲಿ ಎರಡು ಮೊದಲೇ ಹಳೆಯದರಲ್ಲೂ ಇದ್ದವು. ಹಾಗಾದರೆ 21 ಸೇರಿ 161 ಆಗಬೇಕಿತ್ತು. ಒಂದು ಕಡಿಮೆ. 160 ಪುಸ್ತಕ ತುಂಬಿದ ಕಪಾಟನ್ನು ಸುಮ್ನೆ ಕಣ್ಣಾಡಿಸಿದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶೀಟಿನ ಒಂದೊಂದು ಸಾಲಿಗೂ ಗುರುತು ಹಾಕುತ್ತಾ ಹೋದಾಗ ಸಿಕ್ಕಿತು: ಗಿಫ್ಟ್ ಕೋಡ್‌ನಿಂದ ಬಂದ ಒಂದು ಆಡಿಯೋ ಪುಸ್ತಕ.

ಕಾರಣ ಹೀಗಿತ್ತು. ಸೇವೆಯವರು ಇದ್ದ ಹಕ್ಕನ್ನೇ ಎತ್ತಿ ಇಡುತ್ತಿರಲಿಲ್ಲ. ಪ್ರತಿ ಪುಸ್ತಕವನ್ನೂ ಉಳಿಯುವ ಖಾತೆಗೆ ಹೊಸದಾಗಿ ಉಚಿತವಾಗಿ ಕೊಟ್ಟು, ಹಿಂದಿನದನ್ನು ರದ್ದು ಮಾಡುತ್ತಿದ್ದರು. ಆ ಆಡಿಯೋ ಪುಸ್ತಕ ಈಗ ಮಾರಾಟದಲ್ಲೇ ಇರಲಿಲ್ಲ, ಪ್ರಕಾಶಕರು ಹಿಂದಕ್ಕೆ ಪಡೆದಿದ್ದರು. ಮಾರಾಟದಲ್ಲಿ ಇಲ್ಲದ್ದನ್ನು ಹೊಸದಾಗಿ ಕೊಡಲು ಅವರ ಸಾಫ್ಟ್‌ವೇರ್ ಒಪ್ಪಲಿಲ್ಲ. ಮೊದಲೇ ಕೊಂಡವರು ಮಾತ್ರ ಅದನ್ನು ಕೇಳಬಹುದು. ಮೊದಲೇ ಕೊಂಡ ಗುರುತು ಇದ್ದದ್ದು ಹೊಸ ಖಾತೆಯಲ್ಲಿ, ಅದು ಇನ್ನೂ ಮುಚ್ಚಿರಲಿಲ್ಲ. ಆರ್ಡರ್ ನಂಬರ್ ಕೊಟ್ಟು, ಹೊಸದಾಗಿ ಕೊಡುವುದು ಬೇಡ, ಹಿಂದಿನ ಆರ್ಡರನ್ನೇ ಹಳೆ ಗ್ರಾಹಕ ಸಂಖ್ಯೆಗೆ ಬದಲಿಸಿ ಎಂದು ಕೇಳಿದೆವು. ಅದು ಮೇಲಿನ ತಂಡಕ್ಕೆ ಹೋಯಿತು, ತಡವಾಗಿಯಾದರೂ ಆಯಿತು. ಖಾತೆ ಮುಚ್ಚಿದ್ದರೆ ಆ ಪುಸ್ತಕ ಮತ್ತೆ ಸಿಗುವ ದಾರಿ ಇರಲಿಲ್ಲ.

ಪಾಯಿಂಟ್ಸ್ ಪೂರ್ತಿ ಬಂತು. ಆದರೆ ಅದು ‘ಹೊಂದಾಣಿಕೆ’ ಎಂಬ ಒಂದೇ ಸಾಲಾಗಿ ಸೇರಿತು. ಈ ಸೇವೆಯಲ್ಲಿ ಪಾಯಿಂಟ್ಸ್‌ನ ಅವಧಿ ಸೇರಿದ ದಿನದಿಂದ ಶುರು. ಹಾಗಾಗಿ ಮೇಡಂಗೆ ಅವಧಿಯಲ್ಲಿ ಲಾಭವೇ ಆಯಿತು. ಇನ್ನೊಂದು ಕಡೆ ನಷ್ಟವೂ ಆಯಿತು. ವರ್ಷದಲ್ಲಿ ಇಷ್ಟು ಖರೀದಿ ಮಾಡಿದರೆ ಮೇಲಿನ ದರ್ಜೆ ಎಂಬ ನಿಯಮ ಅಲ್ಲಿತ್ತು. ಹೊಂದಾಣಿಕೆಯಾಗಿ ಬಂದ ಪಾಯಿಂಟ್ಸ್ ಖರೀದಿ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಖಾತೆಯಲ್ಲಿ ಗಳಿಸಿದ್ದ ದರ್ಜೆ ಹೋಯಿತು. ಕೇಳಿದೆವು, ಒಪ್ಪಲಿಲ್ಲ. ದರ್ಜೆ ಮುಖ್ಯ ಎನ್ನುವವರು ವರ್ಷದ ಲೆಕ್ಕ ಮುಗಿದು ಹೊಸದಾಗಿ ಶುರುವಾಗುವ ಸಮಯಕ್ಕೆ ಖಾತೆ ಸೇರಿಸುವುದು ಮೇಲು.

ಹೊಸ ಖಾತೆಯಲ್ಲಿ ಕೇಳುತ್ತಿದ್ದ ಪುಸ್ತಕಗಳಲ್ಲಿ ಎಲ್ಲಿಯವರೆಗೆ ಬಂದಿದ್ದರೋ ಆ ಜಾಗಗಳು ಹೋದವು. ಅದು ಮೊದಲೇ ಗೊತ್ತಿದ್ದದ್ದು. ಮೇಡಂ ಅಧ್ಯಾಯ, ನಿಮಿಷ ಬರೆದಿಟ್ಟುಕೊಂಡಿದ್ದರು.

ಮುಚ್ಚುವ ಮೊದಲು

ಪುಸ್ತಕ ಬಂದವು ಎಂದು ತಕ್ಷಣ ಮುಚ್ಚಲಿಲ್ಲ. ಮನೆಯಲ್ಲಿದ್ದ ಟ್ಯಾಬ್ಲೆಟ್ ಇನ್ನೂ ಹೊಸ ಖಾತೆಯಲ್ಲೇ ಲಾಗಿನ್ ಆಗಿತ್ತು. ಅಲ್ಲಿ ಯಾರಾದರೂ ಒಂದು ಪುಸ್ತಕ ಕೊಂಡರೆ ಅದು ಮುಚ್ಚಬೇಕಾದ ಖಾತೆಗೆ ಹೋಗಿ ಬೀಳುತ್ತದೆ. ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿಸಿ, ಹಳೆ ಖಾತೆಯಿಂದ ಒಳಗೆ ಬಂದೆವು. ಹೊಸ ಖಾತೆಯಿಂದ ಕಾರ್ಡ್ ತೆಗೆದೆವು. ರಸೀದಿಗಳನ್ನು ಇಳಿಸಿಟ್ಟುಕೊಂಡೆವು.

ಆಪಲ್ ಬಟನ್ ಅನ್ನು ಏನು ಮಾಡುವುದು ಎಂಬುದಕ್ಕೂ ಒಂದು ಕ್ರಮ ಇತ್ತು. ಅದನ್ನು ಹಾಗೇ ಬಿಟ್ಟು ಖಾತೆ ಅಳಿಸಿದರೆ, ಮುಂದೊಂದು ದಿನ ಅಭ್ಯಾಸದಿಂದ ಅದೇ ಬಟನ್ ಒತ್ತುತ್ತಾರೆ, ಮೂರನೇ ಖಾತೆ ಹುಟ್ಟುತ್ತದೆ. ಆದ್ದರಿಂದ ಹೊಸ ಖಾತೆಯ ಲಾಗಿನ್ ಪುಟದಿಂದ ಆಪಲ್ ಜೋಡಣೆಯನ್ನು ಮೊದಲು ಬಿಡಿಸಿ, ಆಮೇಲೆ ಹಳೆ ಖಾತೆಗೆ ಜೋಡಿಸಿದೆವು. ತಿರುಗಾಮುರುಗಾ ಮಾಡಿದರೆ, ಈ ಆಪಲ್ ಲಾಗಿನ್ ಬೇರೆ ಖಾತೆಯಲ್ಲಿದೆ ಎಂದು ಸೇವೆ ನಿರಾಕರಿಸುತ್ತದೆ. ಬಿಡಿಸುವಾಗ ಹೊಸ ಖಾತೆಯ ಒಳಗೆ ಹೋಗಲು ಪಾಸ್‌ವರ್ಡ್ ಇತ್ತಲ್ಲ, ಅದಕ್ಕೇ ಅದನ್ನು ಮೊದಲು ಹಾಕಿದ್ದು.

ಚಂದಾವನ್ನು ಹಳೆ ಖಾತೆಯಲ್ಲಿ ಹೊಸದಾಗಿ ತೆಗೆದುಕೊಂಡರು. ಮೊದಲ ತಿಂಗಳ ಶುಲ್ಕ ಸರಿಯಾಗಿ ಒಂದೇ ಸಲ ಹೋಗಿದೆ ಎಂದು ನೋಡಿದ ಮೇಲೆ ಹೊಸ ಖಾತೆ ಅಳಿಸಲು ಬರೆದೆವು.

ಸೇರಿಸುವುದಿಲ್ಲ ಎಂದರೆ

ಈ ಸೇವೆ ಒಪ್ಪಿತು. ಒಪ್ಪದವರು ಬಹಳ. ಎರಡು ಗೂಗಲ್ ಖಾತೆಗಳನ್ನು ಒಂದು ಮಾಡಲು ಆಗುವುದಿಲ್ಲ. ಸ್ಟೀಮ್ ಕೂಡ ಆಟಗಳನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸಿ ಕೊಡುವುದಿಲ್ಲ. ಆಪಲ್ 2025ರಲ್ಲಿ ಒಂದು ಆಪಲ್ ಖಾತೆಯ ಖರೀದಿಗಳನ್ನು ಇನ್ನೊಂದಕ್ಕೆ ಸಾಗಿಸುವ ಸೌಲಭ್ಯ ತಂದಿತು. ಶುರುವಾದಾಗ ಅದು ಭಾರತ, ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದಲ್ಲಿ ಇರಲಿಲ್ಲ.

ಅಂಥ ಕಡೆ ಎರಡನೇ ಖಾತೆಯನ್ನು ಅಳಿಸದೆ ಇಟ್ಟುಕೊಳ್ಳುವುದೇ ಸರಿ ಎಂದು ನಾನು ಹೇಳುತ್ತೇನೆ. ಅದರ ಚಂದಾ ನಿಲ್ಲಿಸಿ, ಕಾರ್ಡ್ ತೆಗೆದು, ಪಾಯಿಂಟ್ಸ್ ಇದ್ದರೆ ಅವಧಿ ಮುಗಿಯುವ ಮೊದಲು ಅಲ್ಲೇ ಖರ್ಚು ಮಾಡಿ ಮುಗಿಸಬೇಕು. ಕೆಲವು ಸೇವೆಗಳಲ್ಲಿ ಒಂದೇ ಮನೆಯವರು ಖರೀದಿ ಹಂಚಿಕೊಳ್ಳುವ ಕುಟುಂಬ ಗುಂಪು ಇರುತ್ತದೆ. ಎರಡೂ ಖಾತೆಯನ್ನು ಅದರೊಳಗೆ ಹಾಕಿದರೆ ಕೊಂಡದ್ದು ಉಳಿಯುವ ಖಾತೆಯಲ್ಲೂ ಕಾಣಬಹುದು. ಹಂಚಿಕೆಗೆ ಯಾವುದು ಸಿಗುತ್ತದೆ ಎಂದು ನಿಯಮ ಓದಿಯೇ ಕೈ ಹಾಕಬೇಕು. ಜೊತೆಗೆ ಆ ಖಾತೆಗೆ ಆಗಾಗ ಲಾಗಿನ್ ಆಗಿ ಬರಬೇಕು, ಏಕೆಂದರೆ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ಸೇವೆಗಳಿವೆ. ಗೂಗಲ್ ನಿಯಮದಲ್ಲಿ ಆ ಅವಧಿ 2 ವರ್ಷ.